ಪರದೆಯ ಹಿಂದಿನ ನಾನು

ಹೈದರಾಬಾದಿನ ವಿಶ್ವವಿದ್ಯಾಲಯದವರು ಪೂನಂಳಿಂದ ಕೇಳಿದ್ದು ಒಂದು ಪತ್ರ, ಅಷ್ಟೇ. ಅನುವಾದ ಅಧ್ಯಯನದ ಎಂ.ಎ.ಗೆ ಯಾಕೆ ಬರಬೇಕೆಂದಿದ್ದೀರಿ, ಎರಡು ಭಾಷೆಗಳ ನಡುವೆ ಈತನಕ ಏನು ಕೆಲಸ ಮಾಡಿದ್ದೀರಿ, ಆ ಕೆಲಸದ ಬಗ್ಗೆ ಏನು ಓದಿದ್ದೀರಿ, ಮಾಡಿದ್ದೂ ಓದಿದ್ದೂ ಒಂದನ್ನೊಂದು ಎಲ್ಲಿ ಮುಟ್ಟುತ್ತವೆ, ಇದನ್ನೆಲ್ಲ ಇಂಗ್ಲಿಷಿನಲ್ಲಿ ಸಾವಿರ ಪದದೊಳಗೆ ಬರೆದು ಕಳಿಸಿ. ಮೋಟಿವೇಶನ್ ಲೆಟರ್ ಎಂದು ಅದರ ಹೆಸರು. ಅಳಿಯನನ್ನು ಹುಡುಕುವವರು ಕೇಳುವ ಹಾಗೆ ಕೇಳಿದ್ದರು: ಹೊಲವೂ ಇರಬೇಕು, ನೌಕರಿಯೂ ಇರಬೇಕು.

ಪೂನಂ ಎರಡು ಸಲ ಬರೆದಳು. ಮೊದಲನೆಯದರಲ್ಲಿ ಓದಿದ್ದೆಲ್ಲ ತುಂಬಿದಳು. ಮೂಲನಿಷ್ಠೆ, ಸಮಾನತೆ, ಅನುವಾದಕನ ಅದೃಶ್ಯತೆ. ಅದನ್ನು ಹುಮನಾಬಾದಿನ ಕಾಲೇಜಿನಲ್ಲಿ ತನಗೆ ಇಂಗ್ಲಿಷ್ ಕಲಿಸಿದ್ದ ನಾಗನಾಥ ಸರ್‌ಗೆ ತೋರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಎಲ್ಲಾ ಮಂದಿ ಮಾತೇ ಅದ ಪೂನಂ. ಇದರಾಗ ನೀ ಎಲ್ಲಿ ಇದ್ದಿ?"

ಎರಡನೆಯದರಲ್ಲಿ ತನ್ನ ಕಥೆಯನ್ನೇ ಬರೆದಳು. ಅಪ್ಪ ಬಸವಣಪ್ಪನದು ಬಸವಕಲ್ಯಾಣದಲ್ಲಿ ಭಾಂಡೆ-ಪಾತ್ರೆಗಳ ಅಂಗಡಿ, ಅಲ್ಲಿ ಕನ್ನಡ. ತಾಯಿ ಗಡಿಯಾಚೆ ಉಮರಗಾ ಕಡೆಯವಳು, ಅಡುಗೆಮನೆಯಲ್ಲಿ ಮರಾಠಿ. ಹೊಸ್ತಿಲು ದಾಟಿದರೆ ಭಾಷೆ ಬದಲಾಗುವ ಮನೆ. ಅರ್ಜಿಯಲ್ಲಿ 'ನಿಮ್ಮ ಮೊದಲ ಭಾಷೆ' ಎಂಬ ಖಾನೆಯ ಮುಂದೆ ಅವಳು ದಿನಗಟ್ಟಲೆ ಕೂತು ಎದ್ದಿದ್ದಳು. ತಾಯಿ ಹೆಚ್ಚೋ ತಂದೆ ಹೆಚ್ಚೋ ಎಂದು ಮಗುವನ್ನು ಕೇಳಿದಂತಾಗಿತ್ತು. ಈಗ ಹುಮನಾಬಾದಿನ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಅವಳದು ಚೀಟಿ ಬರೆಯುವ ಕೆಲಸ. ಡಾಕ್ಟರಮ್ಮ ದಾವಣಗೆರೆ ಕಡೆಯವರು. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯಲು ಬೀಡ್ ಕಡೆಯಿಂದ ಬರುವ ಹೆಣ್ಣುಮಕ್ಕಳ ಮರಾಠಿ ಅವರಿಗೆ ಒಂದಕ್ಷರ ತಿಳಿಯದು. ನಡುವೆ ನಿಂತು ಈ ಕಡೆಯದನ್ನು ಆ ಕಡೆಗೆ ದಾಟಿಸುವವಳು ಪೂನಂ.

ಡಾಕ್ಟರಮ್ಮ ಬರೆದುಕೊಟ್ಟಿದ್ದ ಕಬ್ಬಿಣಾಂಶದ ಗುಳಿಗೆಯ ಕರಪತ್ರವನ್ನೂ ಅವಳೇ ಮರಾಠಿಗೆ ತಂದಿದ್ದಳು. ಮೊದಲು ಇದ್ದದ್ದು ಇದ್ದ ಹಾಗೆ ತಂದಳು: ಮಧ್ಯಾಹ್ನದ ಊಟವಾದ ಮೇಲೆ ಒಂದು ಗುಳಿಗೆ. ಕಬ್ಬಿನ ಗದ್ದೆಯಲ್ಲಿ ಮಧ್ಯಾಹ್ನದ ಊಟ ಎಂಬುದು ಯಾರಿಗಿತ್ತು? ಗುಳಿಗೆಗಳು ಡೇರೆಯ ಗಳಕ್ಕೆ ಕಟ್ಟಿದ ಚೀಲದಲ್ಲೇ ಉಳಿದವು. ಆಮೇಲೆ ಅವಳು ಡಾಕ್ಟರಮ್ಮನನ್ನು ಕೇಳಿ, ಕಬ್ಬು ಕಡಿಯುವ ಕೊಯ್ತಾ ಕೆಳಗಿಟ್ಟು ಭಾಕರಿ ತಿಂದ ಮೇಲೆ ಒಂದು ಎಂದು ಬರೆದಳು. ಓದಲು ಬಾರದವರಿಗೆ ಜೋರಾಗಿ ಓದಿ ಹೇಳುವಂತೆ ವಾಕ್ಯ ಚಿಕ್ಕದು ಮಾಡಿದಳು. ಗುಳಿಗೆ ಖರ್ಚಾಗತೊಡಗಿತು.

"ಇದು ಕಥಿ ಆತು," ಎಂದರು ನಾಗನಾಥ ಸರ್. "ಛಲೋ ಅದ. ಆದ್ರ ಓದಿದ್ದು ಎಲ್ಲಿ ಹೋತು?"

"ಓದಿದ್ದು ಹಾಕಿದ್ರ ನಾ ಕಾಣಂಗಿಲ್ಲ ಅಂತೀರಿ. ನನ್ನ ಹಾಕಿದ್ರ ಓದಿದ್ದು ಕಾಣಂಗಿಲ್ಲ ಅಂತೀರಿ. ನಾ ಏನ್ ಮಾಡಲ್ರಿ ಸರ್?"

ಸರ್‌ಗೂ ಗೊತ್ತಿರಲಿಲ್ಲ. ಅವರು ಜೀವನದಲ್ಲಿ ಶಿಫಾರಸು ಪತ್ರ ಬರೆದವರೇ ಹೊರತು ಇಂಥದ್ದನ್ನು ಬರೆದವರಲ್ಲ. ಗೊತ್ತಿಲ್ಲ ಎನ್ನಲು ಮೇಷ್ಟರ ಬಾಯಿ ಏಳಬೇಕಲ್ಲ. ಕಪಾಟಿನಿಂದ ಜೆರಾಕ್ಸ್ ಹಾಳೆಗಳ ಒಂದು ಕಟ್ಟು ತೆಗೆದು ಕೊಟ್ಟರು. "ಇದು ಆಡಿದ ಮಾತಿನ ಅನುವಾದದ ಬಗ್ಗೆ. ಇದರಾಗಿನದು ಏನಾರ ಕೆಲಸದಾಗ ಮಾಡಿ ನೋಡು. ಮಾಡಿದ್ದನ್ನ ಬರಿ. ಶನಿವಾರ ಕಡೀ ದಿನ, ಮರೀಬ್ಯಾಡ."

ಬಸ್ಸಿನಲ್ಲಿ ಆ ಹಾಳೆಗಳನ್ನು ಓದುತ್ತ ಪೂನಂಗೆ ಒಂದು ನಿಯಮ ಸಿಕ್ಕಿತು. ದುಭಾಷಿಯಾದವರು 'ಅವಳು ಹೀಗೆ ಅನ್ನುತ್ತಾಳೆ' ಎಂದು ವರದಿ ಒಪ್ಪಿಸಬಾರದು. ಮಾತಾಡಿದವಳು 'ನನಗೆ ನೋವು' ಎಂದರೆ ದುಭಾಷಿಯೂ 'ನನಗೆ ನೋವು' ಎನ್ನಬೇಕು. ಆಗ ವೈದ್ಯರು ಮತ್ತು ರೋಗಿ ಒಬ್ಬರ ಮುಖ ಒಬ್ಬರು ನೋಡಿ ಮಾತಾಡುತ್ತಾರೆ, ನಡುವಿನವರು ಮರೆಯಾಗುತ್ತಾರೆ. ಅದರ ಕೆಳಗೆ ಇನ್ನೊಂದು: ಒಳಗೆ ಕೇಳಿದ್ದು ಹೊರಗೆ ಹೋಗಕೂಡದು, ಯಾರ ಮುಂದೆಯೂ.

ಪೂನಂಗೆ ನಾಚಿಕೆಯಾಯಿತು. ತಾನು ಈತನಕ ಮಾಡಿದ್ದೆಲ್ಲ 'ಆಕಿ ಹಿಂಗ ಅಂತಾಳ್ರಿ, ಆಕಿ ಹಂಗ ಅಂತಾಳ್ರಿ' ಎಂಬ ಚಾಡಿಯ ಧಾಟಿಯೇ. ಡಾಕ್ಟರಮ್ಮ ಯಾವಾಗಲೂ ಅವಳನ್ನೇ ನೋಡಿ ಮಾತಾಡುತ್ತಿದ್ದರು, ರೋಗಿ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂಡುತ್ತಿದ್ದಳು. ನಾಳೆಯಿಂದಲೇ ಹೊಸ ರೀತಿ ಎಂದುಕೊಂಡಳು. ಮುಂದಿನ ಪುಟ ಓದುವಷ್ಟರಲ್ಲಿ ಬಸವಕಲ್ಯಾಣ ಬಂತು, ಹಾಳೆ ಮಡಚಿ ಚೀಲದಲ್ಲಿಟ್ಟಳು. ಆ ಮುಂದಿನ ಪುಟದಲ್ಲೇ ಬರೆದಿತ್ತು: ಹೀಗೆ ಮಾತಾಡುವ ಮೊದಲು ಇಬ್ಬರಿಗೂ ತಿಳಿಸಿ ಹೇಳಬೇಕು.

ಮರುದಿನ ಬಂದವಳು ರೂಪಾಲಿ. ಬೀಡ್ ಕಡೆಯ ಹುಡುಗಿ, ಪೂನಂಗಿಂತ ಸಣ್ಣವಳು, ಕೈತುಂಬ ಕಬ್ಬಿನ ಎಲೆ ಗೀರಿದ ಗೆರೆಗಳು. ಗಂಡ ಹೊರಗೆ ಚಹಾದ ಅಂಗಡಿಯ ಮುಂದೆ ನಿಂತ. ಆಸ್ಪತ್ರೆ ಎಂದರೆ ಒಂದೇ ಕೋಣೆ. ಅರ್ಧದಲ್ಲಿ ಹಸಿರು ಬಟ್ಟೆಯ ಪರದೆ, ಆ ಕಡೆ ಡಾಕ್ಟರಮ್ಮನ ಮೇಜು, ಈ ಕಡೆ ಕಾಯುವವರ ಬೆಂಚು. ರೂಪಾಲಿ ಒಳಗೆ ಹೋದ ಮೇಲೆ ಬೆಂಚಿಗೆ ಬಂದು ಕೂತವಳು ಜಗದೇವಿ, ಬಸವಕಲ್ಯಾಣದಲ್ಲಿ ಪೂನಂ ಚಿಕ್ಕಮ್ಮನಂತೆ ಕಾಕು ಎಂದು ಕರೆಯುವ ಪಕ್ಕದ ಮನೆಯವಳು. ನಾಲ್ಕು ದಿನದಿಂದ ಕಿಬ್ಬೊಟ್ಟೆ ನೋವೆಂದು ಅಷ್ಟು ದೂರದಿಂದ ಬಂದಿದ್ದಳು. ಅವಳು ಬಂದದ್ದು ಪೂನಂಗೆ ಗೊತ್ತಿಲ್ಲ. ಚೀಟಿ ಕೊಟ್ಟದ್ದು ಆಯಾ.

ಪರದೆಯ ಹಿಂದೆ ರೂಪಾಲಿ ಬಾಯಿಬಿಟ್ಟಳು. ಹತ್ತಿರ ಕಿವಿ ತಂದರೆ ಮಾತ್ರ ಕೇಳುವಷ್ಟು ಸಣ್ಣ ದನಿ. ಪೂನಂ ಕೇಳಿಸಿಕೊಂಡಳು, ಉಸಿರೆಳೆದುಕೊಂಡಳು, ಡಾಕ್ಟರಮ್ಮನಿಗೆ ಸ್ಪಷ್ಟವಾಗಿ ಹೇಳಿದಳು.

"ಮೂರು ತಿಂಗಳಾತ್ರಿ, ನಾ ಮುಟ್ಟಾಗಿಲ್ಲ. ಮುಂಜಾನಿ ಎದ್ದ ಕೂಡಲೇ ವಾಂತಿ ಬರ್ತದ."

ಡಾಕ್ಟರಮ್ಮನ ಪೆನ್ನು ನಿಂತಿತು. "ಪೂನಂ! ನಿನಗಾ?"

"ನನಗಲ್ರಿ. ಅಂದ್ರ, ನನಗ. ಅಂದ್ರ..." ಓದಿದ್ದು ಇಂಗ್ಲಿಷಿನಲ್ಲಿ, ವಿವರಣೆಯೂ ಇಂಗ್ಲಿಷಿನಲ್ಲೇ ಹೊರಬಿತ್ತು. ಇನ್ನು ಮುಂದೆ ನಾನು ರೋಗಿಯ ಮಾತನ್ನು ರೋಗಿಯಾಗಿಯೇ ಹೇಳುತ್ತೇನೆ, ನೀವು ಅವಳನ್ನೇ ನೋಡಿ ಮಾತಾಡಿ ಎಂದಳು. ಡಾಕ್ಟರಮ್ಮ ನಕ್ಕು, "ಮೊದಲೇ ಹೇಳಬಾರದಾ? ಎದೆ ಧಸಕ್ ಅಂತು ನಂಗೆ," ಎಂದರು. ರೂಪಾಲಿಗೂ ಮರಾಠಿಯಲ್ಲಿ ಪಿಸುಗುಟ್ಟಿ ತಿಳಿಸಿದ್ದಾಯಿತು.

ಆಮೇಲೆ ನಡೆದದ್ದು ಪೂನಂ ಈತನಕ ಕಾಣದ ಸಂಗತಿ. ಡಾಕ್ಟರಮ್ಮ ರೂಪಾಲಿಯ ಕಡೆ ತಿರುಗಿದರು. ರೂಪಾಲಿ ಕ್ಯಾಲೆಂಡರ್ ಬಿಟ್ಟು ಡಾಕ್ಟರಮ್ಮನನ್ನು ನೋಡಿದಳು. ನಡುವೆ ಪೂನಂ ಇದ್ದಳು, ಇರಲಿಲ್ಲ. ಪುಸ್ತಕದ ಮಾತು ಖರೆಯಾಯಿತಲ್ಲ ಎಂದು ಅವಳಿಗೆ ರೋಮಾಂಚನವೇ ಆಯಿತು. ಕೊನೆಯಲ್ಲಿ ರೂಪಾಲಿ ಅವಳ ಕೈ ಹಿಡಿದು, "ಕುಣಾಲಾ ಸಾಂಗೂ ನಕಾ, ತಾಈ. ಕಳಲಂ ತರ ಮಲಾ ಕಾಢತೀಲ" ಎಂದಳು. ಅವಳ ಹೆದರಿಕೆ ಮುಕಾದಮನದು. ಮುಕಾದಮ ಎಂದರೆ ಕಬ್ಬು ಕಡಿಯುವವರ ಟೋಳಿಯ ಗುತ್ತಿಗೆದಾರ. ಅಲ್ಲಿ ಕೂಲಿಯ ಲೆಕ್ಕಕ್ಕೆ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಬಸುರಿ ಎಂದು ತಿಳಿದರೆ ಹಂಗಾಮಿನ ನಡುವೆಯೇ ಇಬ್ಬರನ್ನೂ ಊರಿಗೆ ಅಟ್ಟಿ ಬೇರೆ ಜೋಡಿಯನ್ನು ತರುತ್ತಾನೆ. ಪೂನಂ ಅದನ್ನೂ ನಿಯಮದಂತೆ ದಾಟಿಸಿದಳು.

"ಯಾರಿಗೂ ಹೇಳಬ್ಯಾಡ್ರಿ. ತಿಳೀತು ಅಂದ್ರ ನನ್ನ ಹೊರಗ ಹಾಕ್ತಾರ."

ಡಾಕ್ಟರಮ್ಮ ಹೇಳುವುದಿಲ್ಲ ಎಂದರು. ಭಾರ ಎತ್ತಬೇಡ, ಹದಿನೈದು ದಿನಕ್ಕೆ ಬಂದು ತೋರಿಸು ಎಂದರು. ರೂಪಾಲಿ ಹಿಂಬಾಗಿಲಿನಿಂದ ಕೈತೊಳೆಯುವ ಕಡೆ ಹೋದಳು. ಪೂನಂ ಪರದೆ ಸರಿಸಿ ಮುಂದಿನ ಹೆಸರು ಕೂಗಿದರೆ ಬೆಂಚು ಖಾಲಿ. ಚೀಟಿ ಮಾತ್ರ ಬಿದ್ದಿತ್ತು: ಜಗದೇವಿ, ಬಸವಕಲ್ಯಾಣ. ಕಾಕು ಬಂದವಳು ತೋರಿಸಿಕೊಳ್ಳದೆ ಯಾಕೆ ಹೋದಳು? ನೋವು ಬಂದಂತೆಯೇ ಹೋಯಿತೇನೋ ಎಂದುಕೊಂಡಳು ಪೂನಂ. ಪತ್ರದ ಮೂರನೇ ಪ್ರತಿಯ ಮೊದಲ ಸಾಲು ತಲೆಯಲ್ಲಿ ಕುಣಿಯುತ್ತಿದ್ದಾಗ ಬೇರೆಯವರ ಹೊಟ್ಟೆನೋವು ಯಾರಿಗೆ ಬೇಕು.

ಸಂಜೆ ಮನೆಗೆ ಬಂದರೆ ಕಾಕು ಅಲ್ಲೇ ಇದ್ದಳು, ಹಗ್ಗ ಹೆಣೆದ ಬಾಜಿನ ಮೇಲೆ, ಸಾವಿನ ಮನೆಗೆ ಬಂದವಳಂತೆ ಸೆರಗು ಹೊದ್ದು. ಅಪ್ಪ ಅಂಗಡಿ ಬಿಟ್ಟು ಬಂದಿದ್ದ. ತಾಯಿ ಓಡಿಬಂದು ಪೂನಂಳ ಹೆಗಲಿನ ಚೀಲ ಇಸಿದುಕೊಂಡಳು. ಮೂರು ಪುಸ್ತಕವಿದ್ದ ಚೀಲ. ಮೂರು ಮಣ ಭಾರವೆನ್ನುವಂತೆ.

"ಹೈದರಾಬಾದ್ ಬ್ಯಾಡ," ಎಂದ ಅಪ್ಪ.

"ಯಾಕಪ್ಪಾ? ನೀನ ಹೂಂ ಅಂದಿದ್ದಿ."

"ಆವಾಗ ನನಗ ಇದು ಗೊತ್ತಿರಲಿಲ್ಲ."

"ಏನು ಗೊತ್ತಿರಲಿಲ್ಲ? ಎಲ್ಲಾ ನಿನ್ನ ಮುಂದ ಹೇಳೀನಲ್ಲಾ."

ಅಪ್ಪ ಗೋಡೆಯ ಕಡೆ ತಿರುಗಿಕೊಂಡ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪೂನಂಗೆ ತಲೆಬುಡ ತಿಳಿಯಲಿಲ್ಲ. ಹೈದರಾಬಾದಿಗೆ ಹೋಗುವುದು ಅಳುವಂಥ ಸಂಗತಿ ಯಾವಾಗ ಆಯಿತು? ಹಾಸ್ಟೆಲ್ಲಿನ ಬಗ್ಗೆ ಯಾರಾದರೂ ಏನಾದರೂ ಊದಿದರೇ?

"ಹುಡುಗ ಯಾರು ಅಂತ ಕೇಳ್ರಿ ಅಣ್ಣಾ," ಎಂದಳು ಜಗದೇವಿ. "ಈಗೇನು, ಲಗೂನೆ ಲಗ್ನ ಮಾಡಿದ್ರ ಮುಗೀತು. ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ." ತುಸು ತಡೆದು, "ಬಸ್ಸಿನ್ಯಾಗ ಒಬ್ಬಾಕಿ ಮುಂದ ಬಿಟ್ಟು," ಎಂದಳು.

"ಯಾವ ಹುಡುಗ?"

"ನನ್ನ ಕಿವೀಲೇ ಕೇಳೀನಿ ತಂಗಿ. ಪರದೆ ಹಿಂದ ಡಾಕ್ಟರಮ್ಮಗ ನೀ ಹೇಳಲಿಲ್ಲೇನು, ಮೂರು ತಿಂಗಳಾತು ಅಂತ? ಯಾರಿಗೂ ಹೇಳಬ್ಯಾಡ್ರಿ, ಮನಿಂದ ಹೊರಗ ಹಾಕ್ತಾರ ಅಂತ?"

'ಮನೆಯಿಂದ' ಎಂಬುದು ಕಾಕು ತನ್ನ ಕೈಯಿಂದ ಹಾಕಿದ ಒಗ್ಗರಣೆ. ಉಳಿದದ್ದು ಅಕ್ಷರಶಃ ಸರಿ; ನಡುವಿನ ಇಂಗ್ಲಿಷ್ ವಿವರಣೆಯಷ್ಟೇ ಅವಳಿಗೆ ತಿಳಿದಿರಲಿಲ್ಲ. ಪೂನಂ ಮೊದಲು ದಿಗಿಲುಗೊಂಡಳು, ಆಮೇಲೆ ನಕ್ಕುಬಿಟ್ಟಳು. ನಗುವುದನ್ನು ಕಂಡು ತಾಯಿಗೆ ಎಲ್ಲಿಂದಲೋ ಧೈರ್ಯ ಬಂತು, ಧೈರ್ಯದ ಜೊತೆಗೆ ನೆನಪೂ ಬಂತು. "ಏ ಜಗದೇವಿ, ಹೋದ ವಾರ ಔಷಧ ಅಂಗಡಿಂದ ಈಕಿಗಿ ಪ್ಯಾಡ್ ನಾನ ತಂದು ಕೊಟ್ಟೀನಿ! ಮೂರು ತಿಂಗಳೆಲ್ಲಿಂದು? ನಿನ್ನ ಮಾತು ಕೇಳಿ ನನ್ನ ಬುದ್ಧಿ ಮಣ್ಣು ತಿಂತು ನೋಡು." ಅಪ್ಪ ಗೋಡೆಯಿಂದ ಈ ಕಡೆ ತಿರುಗಿದ. ಮನೆಗೆ ಮತ್ತೆ ಗಾಳಿ ಬಂದಂತಾಯಿತು.

"ಅದು ನನ್ನ ಮಾತಲ್ಲ ಕಾಕು," ಎಂದಳು ಪೂನಂ. "ನಾ ಬರೀ..."

"ನಿಂದಲ್ಲಂದ್ರ ಮತ್ತ ಯಾರದು?" ಜಗದೇವಿ ಹಣೆ ಗಂಟಿಕ್ಕಿ ಯೋಚಿಸಿದಳು. "ನನಗ ಒಳಗ ಯಾರೂ ಕಾಣಲಿಲ್ಲವಾ. ಹೊರಗ ಚಹಾದ ಅಂಗಡಿ ಮುಂದ ಒಬ್ಬ ಹುಡುಗ ನಿಂತಿದ್ದ. ನಮ್ಮ ಟ್ರ್ಯಾಕ್ಟರಿಗಿ ಕಬ್ಬು ಹೇರ್ತಾನಲ್ಲ, ಬೀಡದ ಟೋಳಿಯಾಂವ. ಅಂವಾ ಅಲ್ಲಿ ಯಾಕ ನಿಂತಿದ್ದನೋ ಏನೋ."

ಪೂನಂಳ ಬಾಯಿ ಅಲ್ಲೇ ನಿಂತಿತು. ಜಗದೇವಿಯ ಗಂಡ ಅನೀಲಕುಮಾರನ ಟ್ರ್ಯಾಕ್ಟರ್ ಹಂಗಾಮಿನುದ್ದಕ್ಕೂ ಹಳ್ಳಿಖೇಡಕ್ಕೆ ಕಬ್ಬು ಸಾಗಿಸುತ್ತದೆ. ಮುಕಾದಮನೂ ಅವನೂ ಒಂದೇ ಕಪ್ಪಿನಲ್ಲಿ ಚಹಾ ಹಂಚಿಕೊಳ್ಳುವ ದೋಸ್ತರು. ಒಳಗಿದ್ದ ರೋಗಿಯ ಮಾತು ಎಂದರೆ ಸಾಕು. ಕಾಕು ಎರಡಕ್ಕೆ ಎರಡು ಕೂಡಿಸುತ್ತಾಳೆ, ಇವತ್ತೇ ಗಂಡನ ಕಿವಿಗೆ ಹಾಕುತ್ತಾಳೆ, ನಾಳೆ ಗದ್ದೆಗೆ ಮುಟ್ಟುತ್ತದೆ. ರೂಪಾಲಿಯ ಡೇರೆ ನಾಡಿದ್ದು ಕಿತ್ತುಹೋಗುತ್ತದೆ.

"ಯಾರದು ಅಂತ ನಾ ಹೇಳಂಗಿಲ್ಲ," ಎಂದಳು.

"ಹೇಳಂಗಿಲ್ಲ ಅಂದ್ರ?"

"ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ ಕಾಕು."

ಜಗದೇವಿ ಎದ್ದಳು. ಪಾಪ, ಕೆಟ್ಟವಳೇನಲ್ಲ; ಆದರೆ ಅರ್ಧ ಕೇಳಿದ ಮಾತು ಅವಳ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅವಳು ಹೋದ ಮೇಲೆ ಅಪ್ಪ ಮೆಲ್ಲಗೆ ಹೇಳಿದ. "ನಿನ್ನ ಮ್ಯಾಲ ನನಗ ಶಕ ಇಲ್ಲ. ಆದ್ರ ಓಣಿ ಮಂದಿ ಏನಂತಾರ ತಿಳೀತೇನು? ಮೂರು ತಿಂಗಳ ಬಸುರಿ ಹುಡುಗಿ, ಹೈದರಾಬಾದಿಗಿ ಹೋಗಿ ಕುಂತಳು, ಹಡದು ಬಿಟ್ಟು ಬರಾಕ ಹೋಗ್ಯಾಳ ಅಂತಾರ. ಯಾರ ಮಾತು ಅಂತ ಜಗದೇವಿಗಿ ಹೇಳು, ಬಾಯಿ ಮುಚ್ಚಲಿ. ಆಮ್ಯಾಲ ಬೇಕಾದಲ್ಲಿ ಹೋಗು. ಇಲ್ಲಂದ್ರ ಬ್ಯಾಡ."

ಪೂನಂಗೆ ಅಳುವೇ ಬಂತು. ಪುಸ್ತಕದ ಒಂದು ನಿಯಮ ಅವಳನ್ನು ಕೆರೆಗೆ ನೂಕಿತ್ತು, ಇನ್ನೊಂದು ನಿಯಮ ದಡ ಹತ್ತಲು ಬಿಡುತ್ತಿರಲಿಲ್ಲ. ಎರಡೂ ಒಂದೇ ಪುಟದಲ್ಲಿದ್ದವು. ನಿಯಮ ಹೋಗಲಿ, ರೂಪಾಲಿ ಹಿಡಿದ ಕೈಯಲ್ಲಿ ಇನ್ನೂ ಆ ಒರಟು ಬಿಸಿ ಉಳಿದಿತ್ತು. ಹೈದರಾಬಾದ್ ಬೇಕು, ಎದೆ ಒಡೆಯುವಷ್ಟು ಬೇಕು. ಹೇಳಿಬಿಟ್ಟರೆ ಸಿಗುತ್ತದೆ. ಹೇಳಿಬಿಟ್ಟವಳು ಅಲ್ಲಿ ಹೋಗಿ ಏನು ಕಲಿಯುವುದು?

ಮರುದಿನ ನಾಗನಾಥ ಸರ್ ಮುಂದೆ, ಹೆಸರು ಊರು ಕಾಯಿಲೆ ಯಾವುದನ್ನೂ ಹೇಳದೆ, ಒಬ್ಬರ ಮಾತನ್ನು ತಾನು 'ನಾನು' ಎಂದು ಆಡಿದ್ದು, ಹೊರಗಿನವರು ಅದನ್ನು ತನ್ನದೆಂದೇ ತಿಳಿದದ್ದು ಅಷ್ಟನ್ನು ಹೇಳಿದಳು. ಸರ್ ಕುರ್ಚಿಯಿಂದ ಎದ್ದೇಬಿಟ್ಟರು.

"ಅರೇ, ಇದ ನಿನ್ನ ಪತ್ರ! ಯಾರು, ಎಲ್ಲಿಯವರು, ಏನು ತ್ರಾಸು, ಎಲ್ಲಾ ಬರಿ. ಕಮಿಟಿಯವರ ಕಣ್ಣಾಗ ನೀರು ಬರಬೇಕು."

"ಅದನ್ನ ಬರಿಯಂಗಿಲ್ರಿ ಸರ್."

"ಹೈದರಾಬಾದಿನಾಗ ಯಾರಿಗಿ ಗೊತ್ತಾಗ್ತದ?"

"ಯಾರಿಗಿ ಗೊತ್ತಾಗ್ತದ ಅಂತಲ್ರಿ. ನಂದಲ್ಲಲ್ರಿ ಅದು."

ಸರ್ ಮತ್ತೆ ಕೂತರು. ಹೆಸರೂ ಇಲ್ಲ, ಊರೂ ಇಲ್ಲ, ಉಪ್ಪಿಲ್ಲದ ಹುಳಿ, ಇದನ್ನು ಯಾರು ನಂಬುತ್ತಾರೆ ಎಂದರು. ಪೂನಂಗೂ ಅದೇ ಅನುಮಾನ. ಆದರೂ ಹಾಳೆಗಳ ಕಟ್ಟನ್ನು ಮತ್ತೆ ಮೊದಲಿಂದ ಓದಿದಳು. ಈ ಸಲ ಇನ್ನೊಂದು ಮಾತು ಕಣ್ಣಿಗೆ ಬಿತ್ತು: ಆಡುವ ಪ್ರತಿ ಮಾತಿನ ಹಿಂದೆ ಮೂವರಿರಬಹುದು. ಸದ್ದು ಮಾಡಿದ ಬಾಯಿ ಒಂದು, ಮಾತನ್ನು ಆರಿಸಿ ಜೋಡಿಸಿದವರು ಒಬ್ಬರು, ಆ ಮಾತಿಗೆ ಹೊಣೆಯಾಗಿ ನಿಂತವರು ಒಬ್ಬರು. ದಿನದ ಮಾತಿನಲ್ಲಿ ಮೂವರೂ ಒಬ್ಬರೇ ಆಗಿರುವುದರಿಂದ ನಾವು ಗಮನಿಸುವುದಿಲ್ಲ. ದುಭಾಷಿ ಬಂದಳೆಂದರೆ ಮೂವರೂ ಬೇರೆ ಬೇರೆ. ಪೂನಂ ಹಾಳೆ ಕೆಳಗಿಟ್ಟಳು. ಇದು ಸರಿ. ಆದರೆ ಜಗದೇವಿ ಕಾಕು ಎಲ್ಲಿ? ಈ ಹಾಳೆಗಳ ಆಸ್ಪತ್ರೆಗೆ ಬಾಗಿಲಿತ್ತು. ಹುಮನಾಬಾದಿನದಕ್ಕೆ ಪರದೆ.

ಆ ಪರದೆಯನ್ನು ಹಿಡಿದು ಅವಳು ಮೂರನೇ ಪ್ರತಿ ಬರೆದಳು. ಗುಳಿಗೆಯ ಕರಪತ್ರ ಬಂತು. ಅನುವಾದವನ್ನು ಮೂಲದ ಪದದಿಂದ ಅಳೆಯಬೇಕೋ ಅದು ಮಾಡಬೇಕಾದ ಕೆಲಸದಿಂದ ಅಳೆಯಬೇಕೋ ಎಂಬ ವಾದವೂ ಅದರ ಪಕ್ಕದಲ್ಲೇ ಕೂತಿತು. ಮೊದಲ ಭಾಷೆಯ ಖಾನೆಯಲ್ಲಿ ಎರಡನ್ನೂ ಬರೆದಳು, ಒಂದನ್ನು ಹೊಡೆದುಹಾಕಲು ತನಗಾಗದು ಎಂದು ಪತ್ರದಲ್ಲಿ ಒಪ್ಪಿಕೊಂಡಳು. ಕೊನೆಯ ಭಾಗ ಎಷ್ಟು ಸಲ ಬರೆದರೂ ಪ್ರಶ್ನೆಯಾಗಿಯೇ ಉಳಿಯಿತು. ಇದು ಪತ್ರವಾಯಿತೋ ತಪ್ಪೊಪ್ಪಿಗೆಯಾಯಿತೋ ಅವಳಿಗೇ ತಿಳಿಯಲಿಲ್ಲ.

ಶನಿವಾರ ಮಧ್ಯಾಹ್ನ ಫೋನು ಹಿಡಿದುಕೊಂಡು ಅಂಗಡಿಗೆ ಹೋದಳು. ಕೇಳದೆ ಕಳಿಸಬಹುದಿತ್ತು. ಅಪ್ಪನನ್ನು ದಾಟಿ ಹೋಗುವುದು ಅವಳಿಂದಾಗದು. ಗಿರಾಕಿಗಳಿರಲಿಲ್ಲ. ಅಪ್ಪ ಸ್ಟೀಲಿನ ಕೊಡವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೊರೆಯುವ ಯಂತ್ರದಿಂದ ಹೆಸರು ಹಾಕುತ್ತಿದ್ದ. ಲಗ್ನಕ್ಕೆ ಕೊಡುವ ಭಾಂಡೆಗಳ ಮೇಲೆ ಕೊಡುವವರ ಹೆಸರಿಲ್ಲದಿದ್ದರೆ ಈ ಕಡೆ ಉಡುಗೊರೆ ಪೂರ್ತಿಯಾಗುವುದಿಲ್ಲ.

"ಕಳಸಿದೇನು?" ಎಂದ, ತಲೆ ಎತ್ತದೆ.

"ಇಲ್ಲ."

"ಅದರಾಗ ನಮ್ಮ ಮನಿ ಮಾತು ಬರದೀಯೇನು?"

"ಬರದೀನಿ."

ಅವನು ಯಂತ್ರ ನಿಲ್ಲಿಸಿದ. "ಓದು. ಕನ್ನಡದಾಗ ಓದು."

ಅವಳು ಫೋನಿನ ಇಂಗ್ಲಿಷಿನ ಮೇಲೆ ಕಣ್ಣಿಟ್ಟು ಕನ್ನಡದಲ್ಲಿ ಹೇಳುತ್ತ ಹೋದಳು. ಅಷ್ಟು ದಿನದಲ್ಲಿ ಮಾಡಿದ ಕೆಲಸಗಳಲ್ಲಿ ಇದೇ ಕಷ್ಟದ್ದು. ತನ್ನ ಮಾತೇ ತನ್ನ ಬಾಯಿಗೆ ಹತ್ತುತ್ತಿರಲಿಲ್ಲ. ಕೊನೆಯ ಭಾಗ ಬಂತು.

"ಒಬ್ಬರು ನಂಬಿ ಒಂದು ಮಾತು ಹೇಳಿದರು. ಆ ಮಾತನ್ನು ನಾನು 'ನಾನು' ಎಂದು ಇನ್ನೊಬ್ಬರಿಗೆ ದಾಟಿಸಿದೆ. ಮುಂದೆ ಕೂತ ಇಬ್ಬರಿಗೆ ಅದು ಒಳ್ಳೆಯದನ್ನೇ ಮಾಡಿತು. ಅವರು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು. ಆದರೆ ಬಟ್ಟೆಯ ಪರದೆಯ ಆಚೆ ಕೂತಿದ್ದವರೊಬ್ಬರು ಆ ಮಾತು ನನ್ನದೆಂದು ತಿಳಿದರು. ಈಗ ನಮ್ಮ ಊರಿನಲ್ಲಿ ಅದು ನನ್ನ ಹೆಸರಿನಲ್ಲಿದೆ. ಯಾರದೆಂದು ಒಂದು ವಾಕ್ಯ ಹೇಳಿದರೆ ನನ್ನ ಹೆಸರು ತೊಳೆದುಹೋಗುತ್ತದೆ. ಆ ವಾಕ್ಯ ನಾನು ಹೇಳಿಲ್ಲ. ಅದು ಏನು ಮಾತೆಂದು ನಿಮಗೂ ಹೇಳುವುದಿಲ್ಲ, ಅದಕ್ಕಾಗಿ ಕ್ಷಮಿಸಿ. ನಾನು ಓದಿದ ನಿಯಮಗಳು ಬಾಗಿಲಿರುವ ಕೋಣೆಯಲ್ಲಿ ಹುಟ್ಟಿದವು. ನಮ್ಮಲ್ಲಿ ಪರದೆಗಳಿವೆ, ಪರದೆಯಾಚೆ ನೆರೆಹೊರೆಯಿದೆ. ಅಲ್ಲಿ 'ನಾನು' ಎಂದು ಹೇಳಬೇಕೋ ಬೇಡವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಬರಬೇಕೆಂದಿದ್ದೇನೆ."

ಅಪ್ಪ ಕೊಡದ ಮೇಲಿನ ಲೋಹದ ಪುಡಿ ಒರೆಸಿದ. "ಈ ಕಾಗದದಾಗ 'ನಾನು, ನಾನು' ಅಂತ ಬಂತಲ್ಲ, ಇದು ಯಾರು? ಆ ಹೆಣ್ಮಗಳೋ, ನೀನೋ?"

"ಇದು ನಾನ ಅಪ್ಪಾ."

ಅವನು ಕೊಡವನ್ನು ತಿರುಗಿಸಿ ತೋರಿಸಿದ. 'ಪ್ರೀತಿಯ ಸೋದರಮಾವನಿಂದ' ಎಂದು ಅರ್ಧ ಕೊರೆದಿತ್ತು. "ಬರದಾಂವಂದೇ ಮಾತು ಅನ್ನೂದಾದ್ರ ನಾ ಈ ತಾಲೂಕಿನ ಅರ್ಧ ಹುಡುಗ್ಯಾರಿಗಿ ಸೋದರಮಾವ ಆಗೀನಿ. ಒಬ್ಬರೂ ಬಂದು ಕಾಲಿಗಿ ಬಿದ್ದಿಲ್ಲ," ಎಂದ. ನಗೆಯಾಡಿದನೋ ಸಂಕಟಪಟ್ಟನೋ ಪೂನಂಗೆ ಗೊತ್ತಾಗಲಿಲ್ಲ. ಕಳಿಸು ಎಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅವಳು ಫೋನು ಹಿಡಿದು ನಿಂತೇ ಇದ್ದಳು.

ಅಷ್ಟರಲ್ಲಿ ಜಗದೇವಿ ಬಂದಳು. ತಂಬಿಗೆ ನೋಡುವ ನೆಪ. ಒಂದೆರಡನ್ನು ಬಡಿದು ಸದ್ದು ನೋಡಿ, ಒಂದನ್ನು ಕೈಯಲ್ಲೇ ಹಿಡಿದುಕೊಂಡಳು. "ಬಸವಣಪ್ಪಣ್ಣಾ, ಓಣಿ ತುಂಬ ಮಂದಿ ಕೇಳಾಕತ್ಯಾರ. ನಿಮ್ಮ ಒಳ್ಳೇದಕ್ಕ ಹೇಳ್ತೀನಿ. ಯಾರ ಮಾತದು ಅಂತ ಹೇಳಿಬಿಡ್ರಿ, ನಾನ ಮನಿ ಮನಿಗಿ ಹೋಗಿ ಹೇಳ್ತೀನಿ. ಪೂನಂ ನಿಮಗಾರ ಹೇಳಿರಬೇಕಲ್ಲ?"

"ನನಗೂ ಹೇಳಿಲ್ಲ."

"ಅಪ್ಪಗೂ ಹೇಳಿಲ್ಲಂದ್ರ ಹ್ಯಾಂಗ್ರಿ? ಹಿಂಗ ಸುಮ್ಮಕ ಕುಂತ್ರ ಮಂದಿ ನಿಮ್ಮ ಮಗಳದೇ ಅಂತ ತಿಳಕೋತಾರ."

ಒಂದು ಹೆಸರು ಪೂನಂಳ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅಪ್ಪ ಮಗಳ ಕಡೆ ಒಮ್ಮೆ ನೋಡಿದ. ಅವನ ಮುಖದಲ್ಲಿ ಸಿಟ್ಟಿತ್ತು, ಭಯವಿತ್ತು, ಇನ್ನೊಂದು ಏನೋ ಇತ್ತು. ಆ ಸಂಜೆಯ ಮರುದಿನದಿಂದ ಕೊಡ ಕೊಳ್ಳಲು ಬಂದವರೆಲ್ಲ ಅವನ ಮೋರೆ ನೋಡಿ ಹೋಗುತ್ತಿದ್ದರು.

"ತಿಳಕೊಳ್ಳಲಿ ಬಿಡು ತಂಗಿ," ಎಂದ.

ಜಗದೇವಿ ಕೈಯಲ್ಲಿದ್ದ ತಂಬಿಗೆಯನ್ನು ಇಟ್ಟಳು, ಮತ್ತೆ ಎತ್ತಿದಳು, ಮತ್ತೆ ಇಟ್ಟಳು. ಕೊನೆಗೆ ಬಿಸಿಲಿಗೆ ಸೆರಗು ಹೊದ್ದು ಹೊರಟುಹೋದಳು. ಪೂನಂಳ ಕಣ್ಣು ತುಂಬಿ ಫೋನಿನ ಅಕ್ಷರ ಕಾಣದಾಯಿತು, ಅಂದಾಜಿನಲ್ಲೇ ಬೆರಳೊತ್ತಿದಳು. ಪತ್ರ ಹೋಯಿತು. ಅಪ್ಪ ಕೊಡವನ್ನು ಮತ್ತೆ ತೊಡೆಗೆ ಎಳೆದುಕೊಂಡು, ಇನ್ನಾರದೋ ಸೋದರಮಾವನಾಗಿ, ಉಳಿದ ಅಕ್ಷರಗಳನ್ನು ಕೊರೆಯತೊಡಗಿದ.